ಅಜ್ಜಿ ಬಡಿದು ನೋಡಿದ ಗಡಿಗೆ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದೊಡನೆ ಬಯಲುಸೀಮೆಯ ವಾರದ ಸಂತೆಗಳ ಒಂದು ಬದಿಯನ್ನು ಕುಂಬಾರರು ಹಿಡಿಯುತ್ತಾರೆ. ಹುಲ್ಲಿನ ಮೆತ್ತೆಯ ಮೇಲೆ, ಹಿಂದೆ ಎತ್ತಿನ ಗಾಡಿಗಳಲ್ಲಿ, ಈಗ ಹೆಚ್ಚಾಗಿ ಟೆಂಪೊಗಳಲ್ಲಿ ಬಂದಿಳಿಯುವ ಗಡಿಗೆ, ಹರವಿ, ಹೂಜಿಗಳು ಬೋರಲಾಗಿ ಸಾಲುಗಟ್ಟಿ ನಿಲ್ಲುತ್ತವೆ. ಕೊಳ್ಳಲು ಬಂದವರಲ್ಲಿ ಕೆಲವರು ಬಣ್ಣ ನೋಡಿ ಬೆಲೆ ಕೇಳಿ ಎತ್ತಿಕೊಂಡು ಹೊರಟರೆ, ವಯಸ್ಸಾದ ಹೆಂಗಸರು ಮಾತ್ರ ಒಂದೊಂದನ್ನೂ ಕೈಗೆತ್ತಿಕೊಂಡು ತಿರುಗಿಸಿ, ಬೆರಳಿನ ಗೆಣ್ಣಿನಿಂದ ಬಡಿದು, ಬಾಯಿಯೊಳಗೆ ಇಣುಕಿ, ಹತ್ತು ಇಟ್ಟು ಒಂದನ್ನು ಆರಿಸುತ್ತಾರೆ. ಈ ಬಡಿತವನ್ನು ಎಲ್ಲರೂ ನೋಡಿದ್ದಾರೆ, ಹಲವರು ಅನುಕರಿಸುವುದೂ ಉಂಟು. ಆದರೆ ಬಡಿದಾಗ ಕೇಳಬೇಕಾದದ್ದೇನು, ಕೇಳಿದ್ದರಿಂದ ತಿಳಿಯುವುದೇನು ಎಂಬುದು ಹೊಸ ತಲೆಮಾರಿಗೆ ಅರ್ಧಂಬರ್ಧ ಮಾತ್ರ ಗೊತ್ತು.

ಈ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ, ಕೈಯಿಂದ ಕೈಗೆ ದಾಟಿದ್ದು. ಆದ್ದರಿಂದ ಅದನ್ನು ವಿವರಿಸಲು ಧಾರವಾಡದ ಕಡೆಯ ಸಂತೆಯೊಂದಕ್ಕೆ ಎಂಟು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಗಡಿಗೆ ಕೊಳ್ಳಲು ಬಂದ ಅಜ್ಜಿಯೊಬ್ಬಳ ಕಥೆಯನ್ನೇ ಕಟ್ಟಿಕೊಂಡು, ಅವಳು ಮಾಡುವ ಒಂದೊಂದು ಪರೀಕ್ಷೆಯ ಹಿಂದಿನ ಕಾರಣವನ್ನು ಹುಡುಕುತ್ತ ಹೋಗುವುದು ಅನುಕೂಲ.

ಸೋರಬೇಕು, ಸೋರಲೂಬಾರದು

ಕಥೆಯ ಹುಡುಗಿ ಮೊದಲು ಕೈ ಮಾಡುವುದು ಹೊಳೆಯುವ ಕೆಂಪು ಬಣ್ಣ ಬಳಿದು, ಹೊಟ್ಟೆಯ ಸುತ್ತ ಹಳದಿ ಹೂಗಳನ್ನು ಬರೆದು, ಕೆಳಗೆ ನಲ್ಲಿ ಕೂಡಿಸಿದ ಒಂದು ಮಡಕೆಯತ್ತ.

“ಆಯಿ, ಇದನ್ನ ತೊಗೊಳ್ಳೋಣು. ಹೂವಿನ ಚಿತ್ರ ಐತಿ.”

“ಚಿತ್ರ ನೀರು ತಣ್ಣಗ ಮಾಡ್ತತೇನವ್ವಾ? ಒಂದು ಹನಿ ನೀರು ಹಾಕಿ ನೋಡು,” ಎನ್ನುತ್ತಾಳೆ ಅಜ್ಜಿ.

ಹುಡುಗಿ ತನ್ನ ಬಾಟಲಿಯ ನೀರಿನಲ್ಲಿ ಬೆರಳದ್ದಿ ಮಡಕೆಯ ಹೊರಮೈಗೆ ಒಂದು ಹನಿ ಇಡುತ್ತಾಳೆ. ಹನಿ ಮುತ್ತಿನಂತೆ ದುಂಡಗೆ ನಿಂತು, ಮೆಲ್ಲಗೆ ಜಾರಿ ಕೆಳಗೆ ಬೀಳುತ್ತದೆ. ಪಕ್ಕದಲ್ಲಿದ್ದ ಬಣ್ಣವಿಲ್ಲದ ಗಡಿಗೆಯ ಮೇಲೆ ಅದೇ ರೀತಿ ಇಟ್ಟ ಹನಿಯಾದರೋ ಕೆಲವೇ ಕ್ಷಣಗಳಲ್ಲಿ ಮೈಯೊಳಗೆ ಇಂಗಿ, ಒದ್ದೆಯ ಒಂದು ಕಪ್ಪು ಕಲೆಯನ್ನಷ್ಟೇ ಉಳಿಸುತ್ತದೆ. ಮಡಕೆಯ ವ್ಯವಹಾರವೆಲ್ಲ ಈ ಎರಡು ಹನಿಗಳ ವ್ಯತ್ಯಾಸದಲ್ಲಿದೆ.

ಸುಟ್ಟ ಮಣ್ಣಿನ ಗೋಡೆ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅದರ ತುಂಬ ಕೂದಲೆಳೆಗಿಂತ ಸಣ್ಣ ರಂಧ್ರಗಳಿದ್ದು, ಅವು ಒಂದಕ್ಕೊಂದು ಕೂಡಿಕೊಂಡು ಒಳಮೈಯಿಂದ ಹೊರಮೈಗೆ ದಾರಿ ಮಾಡಿರುತ್ತವೆ. ಒಳಗಿನ ನೀರು ಈ ದಾರಿಗಳಲ್ಲಿ ನಿಧಾನವಾಗಿ ಹೊರಗೆ ಬಂದು ಮೈಮೇಲೆ ತೆಳುವಾದ ಪಸೆಯಾಗಿ ಹರಡಿ ಗಾಳಿಗೆ ಆವಿಯಾಗುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಗಡಿಗೆಯ ಮೈಯಿಂದಲೂ ಅದರ ಮೂಲಕ ಒಳಗಿನ ನೀರಿನಿಂದಲೂ ಎಳೆದುಕೊಳ್ಳುವುದರಿಂದ ಉಳಿದ ನೀರು ತಂಪಾಗುತ್ತದೆ. ಹೀಗೆ ದ್ರವವು ಆವಿಯಾಗುವಾಗ ಹೀರಿಕೊಳ್ಳುವ ಶಾಖವನ್ನು ಗುಪ್ತೋಷ್ಣ ಎಂದು ಕರೆಯುತ್ತಾರೆ. ನೀರಿನ ಗುಪ್ತೋಷ್ಣ ಬಹಳ ದೊಡ್ಡದು. 10 ಲೀಟರ್ ನೀರಿರುವ ಗಡಿಗೆಯಿಂದ ಬರಿಯ 100 ಮಿಲಿಲೀಟರ್, ಅಂದರೆ ಅರ್ಧ ಲೋಟದಷ್ಟು ನೀರು ಆವಿಯಾಗಿ ಹೋದರೆ, ಉಳಿದದ್ದನ್ನು ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪು ಮಾಡುವಷ್ಟು ಶಾಖ ಅದರೊಡನೆ ಹೋಗುತ್ತದೆ. ಸುತ್ತಲಿನ ಬಿಸಿಗಾಳಿ ಅದೇ ಹೊತ್ತಿಗೆ ಗಡಿಗೆಯನ್ನು ಕಾಯಿಸುತ್ತಲೂ ಇರುವುದರಿಂದ ನಿಜವಾಗಿ ಇದಕ್ಕಿಂತ ಹೆಚ್ಚು ನೀರು ಖರ್ಚಾಗುತ್ತದೆಂಬುದು ಬೇರೆ ಮಾತು.

ಎಣ್ಣೆಬಣ್ಣವಾಗಲಿ ವಾರ್ನಿಶ್ ಆಗಲಿ ಬಳಿದ ಮಡಕೆಯಲ್ಲಿ ಈ ರಂಧ್ರಗಳ ಬಾಯಿ ಮುಚ್ಚಿಹೋಗಿರುತ್ತದೆ. ಅಂಥದ್ದು ಪ್ಲಾಸ್ಟಿಕ್ ಕೊಡಕ್ಕಿಂತ ಹೆಚ್ಚೇನೂ ತಂಪು ಕೊಡದು. ಕುಂಬಾರರು ಸುಡುವ ಮೊದಲೇ ಬಳಿಯುವ ಕೆಮ್ಮಣ್ಣಿನ ತೆಳು ಲೇಪನದ ವಿಷಯ ಹಾಗಲ್ಲ. ಅದೂ ಮಣ್ಣೇ ಆದ್ದರಿಂದ ಗಡಿಗೆಯೊಡನೆ ಸುಟ್ಟು ಅದರಷ್ಟೇ ಉಸಿರಾಡುತ್ತದೆ. ಎರಡನ್ನೂ ಬೇರೆ ಮಾಡಲು ಒದ್ದೆ ಬೆರಳೇ ಸಾಕು: ಹನಿ ಇಂಗಿದರೆ ಕೆಮ್ಮಣ್ಣು, ಜಾರಿದರೆ ಬಣ್ಣ, ತಿಕ್ಕಿದಾಗ ಬೆರಳಿಗೆ ಕೆಂಪು ಹತ್ತಿದರೆ ಸುಟ್ಟಮೇಲೆ ಬಳಿದ ಪುಡಿ. ಗಾಜಿನಂತೆ ಮಿರುಗುವ ಮೆರುಗು ಹಚ್ಚಿದ ಪಾತ್ರೆಗಳನ್ನಂತೂ ಕುಡಿಯುವ ನೀರಿಗೆ ಆರಿಸದಿರುವುದೇ ಲೇಸು. ಅವು ತಂಪು ಮಾಡುವುದಿಲ್ಲ, ಜೊತೆಗೆ ಕೆಲವು ಅಗ್ಗದ ಮೆರುಗುಗಳಲ್ಲಿ ಸೀಸವಿರುವ ಅಪಾಯವೂ ಉಂಟು. ಇನ್ನು ನಲ್ಲಿಯೊಂದು ಅನುಕೂಲವೇ ಹೌದಾದರೂ, ಅದಕ್ಕಾಗಿ ಗೋಡೆಯಲ್ಲಿ ತೆಗೆದ ತೂತಿನ ಸುತ್ತಲೇ ಬಿರುಕು ಹುಟ್ಟುವುದು ಹೆಚ್ಚು. ಬೇಕೇ ಬೇಕೆನ್ನುವವರು ಆ ತೂತಿನ ಅಂಚನ್ನು ಒಳಗಿನಿಂದಲೂ ಬೆರಳಾಡಿಸಿ ನೋಡಿ ಕೊಳ್ಳುವುದು ಒಳ್ಳೆಯದು.

ಹಾಗೆಂದು ಹೆಚ್ಚು ನೀರು ಹೀರುವ ಗಡಿಗೆಯೇ ಒಳ್ಳೆಯದೆಂದೂ ಅಲ್ಲ. ಮೈಯೆಲ್ಲ ತೊಟ್ಟಿಕ್ಕಿ ಕೆಳಗೆ ಹರಿದುಹೋಗುವ ನೀರು ಆವಿಯಾಗುವುದಿಲ್ಲ. ಆವಿಯಾಗದ ನೀರು ತಂಪನ್ನೂ ಕೊಡುವುದಿಲ್ಲ. ಗಾಳಿ ಎಷ್ಟನ್ನು ಒಯ್ಯಬಲ್ಲದೋ ಅಷ್ಟನ್ನೇ ಗಡಿಗೆ ಹೊರಗೆ ಬಿಡಬೇಕು. ಅಜ್ಜಿಯ ಉಳಿದ ಪರೀಕ್ಷೆಗಳೆಲ್ಲ ಈ ನಡುಹದವನ್ನು ಹುಡುಕುವ ಉಪಾಯಗಳೇ.

ಬೆಂಕಿಯ ಹದ

ಆ ಹದ ಗೊತ್ತಾಗುವುದು ಆವಿಗೆಯಲ್ಲಿ, ಅಂದರೆ ಕುಂಬಾರ ತನ್ನ ಹಸಿ ಮಡಕೆಗಳನ್ನು ಒಟ್ಟಿ ಸುಡುವ ಗೂಡಿನಲ್ಲಿ. ಕೆರೆಯಂಗಳದಿಂದ ತಂದ ಜೇಡಿಮಣ್ಣನ್ನು ನೆನೆಹಾಕಿ, ಕಲ್ಲು ಕಸ ತೆಗೆದು, ಅದಕ್ಕೆ ಮರಳು, ಬೂದಿ, ಕೆಲವೆಡೆ ಲದ್ದಿಯನ್ನೂ ಬೆರೆಸಿ ತುಳಿದು ಹದಗೊಳಿಸುತ್ತಾರೆ. ಮರಳು ಒಣಗುವಾಗ ಬಿರಿಯದಂತೆ ತಡೆದರೆ, ಲದ್ದಿಯ ನಾರು ಬೆಂಕಿಯಲ್ಲಿ ಉರಿದುಹೋಗಿ ತನ್ನ ಜಾಗದಲ್ಲಿ ರಂಧ್ರವನ್ನು ಬಿಟ್ಟುಹೋಗುತ್ತದೆ. ತಿಗರಿಯ ಮೇಲೆ, ಅಂದರೆ ಕುಂಬಾರನ ಚಕ್ರದ ಮೇಲೆ, ಕಂಠ ಮತ್ತು ಹೆಗಲನ್ನು ಎತ್ತಿದ ಬಳಿಕ, ಅರೆ ಒಣಗಿದ ಮಡಕೆಯೊಳಗೆ ಒಂದು ಕೈಯಲ್ಲಿ ಗುಂಡನೆಯ ಕಲ್ಲನ್ನು ಆನಿಸಿ ಹಿಡಿದು, ಹೊರಗಿನಿಂದ ಇನ್ನೊಂದು ಕೈಯ ಮರದ ಹಲಗೆಯಿಂದ ತಟ್ಟುತ್ತ ತಟ್ಟುತ್ತ ಹೊಟ್ಟೆಯನ್ನು ಹಿಗ್ಗಿಸಿ ತಳವನ್ನು ದುಂಡಾಗಿಸುತ್ತಾರೆ. ಹೀಗೆ ತಟ್ಟಿದ ಗೋಡೆ ತೆಳುವಾಗುವುದರ ಜೊತೆಗೆ ಬಿಗಿಯೂ ಆಗುತ್ತದೆ.

ಹಸಿಮಣ್ಣು ಬೆಂಕಿಯಲ್ಲಿ ಸುಮಾರು 500ರಿಂದ 600 ಡಿಗ್ರಿ ದಾಟುವಾಗ ಅದರ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರು ಹೊರಬಿದ್ದು, ಮತ್ತೆ ಎಷ್ಟು ನೆನೆಸಿದರೂ ಕೆಸರಾಗದ ಬೇರೆಯೇ ಪದಾರ್ಥವಾಗುತ್ತದೆ. ಹಳ್ಳಿಯ ಆವಿಗೆಗಳ ಉರಿ ಸಾಮಾನ್ಯವಾಗಿ 700ರಿಂದ 900 ಡಿಗ್ರಿಗಳ ನಡುವೆ ಇರುತ್ತದೆ. ನೀರಿನ ಗಡಿಗೆಗೆ ಬೇಕಾದದ್ದೂ ಅಷ್ಟೇ. ಉರಿ ಕಡಿಮೆಯಾದರೆ ಮಣ್ಣು ಬೇಯದೆ ಗೋಡೆ ಮೆತ್ತಗುಳಿದು, ನೀರು ತುಂಬಿದ ಕೆಲವು ದಿನಗಳಲ್ಲಿ ತಳ ಕರಗಿದಂತೆ ಪುಡಿಪುಡಿಯಾಗತೊಡಗುತ್ತದೆ. ಉರಿ ಬಹಳ ಹೆಚ್ಚಾದರೆ ಕಣಗಳು ಕರಗಿ ಬೆಸೆದು ರಂಧ್ರಗಳು ಕುಗ್ಗುತ್ತವೆ. ಸುಮಾರು 1200 ಡಿಗ್ರಿಯಲ್ಲಿ ಸುಡುವ ಉಪ್ಪಿನಕಾಯಿ ಜಾಡಿಯ ಬಗೆಯ ಪಿಂಗಾಣಿ ಪಾತ್ರೆಗಳು ಬೆವರುವುದೇ ಇಲ್ಲ.

ತೊಂದರೆಯೆಂದರೆ ಒಂದೇ ಆವಿಗೆಯಲ್ಲಿ ಎಲ್ಲ ಮಡಕೆಗಳಿಗೂ ಒಂದೇ ಉರಿ ಸಿಗುವುದಿಲ್ಲ. ಸೌದೆ, ಬೆರಣಿ, ಹುಲ್ಲುಗಳ ನಡುವೆ ಒಟ್ಟಿದ ರಾಶಿಯಲ್ಲಿ ನಡುವಿನವು ಹೆಚ್ಚು ಬೆಂದು, ಅಂಚಿನವು ಅರೆಬೆಂದು ಉಳಿಯುವುದು ಸಾಮಾನ್ಯ. ಆದ್ದರಿಂದ ಒಬ್ಬನೇ ಕುಂಬಾರನ, ಒಂದೇ ದಿನ ಸುಟ್ಟ, ಒಂದೇ ಅಳತೆಯ ಎರಡು ಗಡಿಗೆಗಳ ಗುಣವೂ ಬೇರೆಯಾಗಿರಬಲ್ಲದು. ಕುಂಬಾರ ಒಳ್ಳೆಯವನೆಂದ ಮಾತ್ರಕ್ಕೆ ಕಣ್ಣುಮುಚ್ಚಿ ಎತ್ತಿಕೊಳ್ಳುವಂತಿಲ್ಲವೆಂಬುದಕ್ಕೆ ಇದೇ ಕಾರಣ.

ಕಿವಿಗೆ ಬಿಟ್ಟ ಮಾತು

“ಬಡದು ನೋಡು. ಕಂಠಕ್ಕಲ್ಲ, ಹೊಟ್ಟಿಗಿ ಬಡಿ,” ಎಂದು ಹೇಳಿ ಅಜ್ಜಿ ಎರಡನೆಯ ಗಡಿಗೆಯನ್ನು ಬಾಯಂಚಿನಲ್ಲಿ ಮೂರು ಬೆರಳಿನಿಂದ ಎತ್ತಿ ಹಿಡಿಯುತ್ತಾಳೆ. ಹುಡುಗಿ ನೆಲದ ಮೇಲಿದ್ದ ಗಡಿಗೆಯನ್ನು ತಬ್ಬಿಕೊಂಡೇ ಬಡಿಯಲು ಹೋಗಿದ್ದಳು. ಮಣ್ಣಿನ ಮೇಲೆ ಕೂತ, ಇಲ್ಲವೇ ಅಂಗೈ ಆನಿಸಿ ಹಿಡಿದ ಮಡಕೆಯ ಗೋಡೆಗೆ ಕಂಪಿಸಲು ಎಡೆಯಿರುವುದಿಲ್ಲ. ಎಷ್ಟೇ ಒಳ್ಳೆಯದಾದರೂ ಅದು ಮಂಕಾಗಿಯೇ ನುಡಿಯುತ್ತದೆ. ಬಾಯಂಚಿನಲ್ಲಿ ತೂಗಿ ಹಿಡಿದು, ಇಲ್ಲವೇ ಒಂದು ಕೈಯ ಬೆರಳತುದಿಗಳ ಮೇಲೆ ತಳವನ್ನು ನಿಲ್ಲಿಸಿಕೊಂಡು, ಬೆರಳಿನ ಗೆಣ್ಣಿನಿಂದ ಹಗುರಾಗಿ ಬಡಿಯಬೇಕು. ಒಂದೇ ಕಡೆ ಬಡಿದರೂ ಸಾಲದು. ಸ್ವಲ್ಪ ಸ್ವಲ್ಪ ತಿರುಗಿಸುತ್ತ ಸುತ್ತಲೂ ಬಡಿಯಬೇಕು.

ಚೆನ್ನಾಗಿ ಬೆಂದು ಎಲ್ಲೂ ಬಿರುಕಿಲ್ಲದ ಗೋಡೆಯಲ್ಲಿ ಬಡಿತದ ಅಲೆ ಅಡೆತಡೆಯಿಲ್ಲದೆ ಸುತ್ತಿಬರುವುದರಿಂದ ದನಿ ಕಣಕಣಿಸಿ, ಬೆರಳು ತೆಗೆದ ಮೇಲೂ ಕ್ಷಣಕಾಲ ಉಳಿಯುತ್ತದೆ. ಅರೆಬೆಂದ ಮಣ್ಣಿನಲ್ಲಿ ಕಣಗಳು ಸರಿಯಾಗಿ ಬೆಸೆದಿರುವುದಿಲ್ಲವಾದ್ದರಿಂದ ಆ ಅಲೆ ಒಳಗೇ ಅಡಗಿ, ದನಿ ಬದ್ ಎಂದು ಅಲ್ಲಿಗೇ ನಿಲ್ಲುತ್ತದೆ. ಬಿರುಕಿದ್ದರೆ ಅದರ ಎರಡು ಅಂಚುಗಳೂ ಕಂಪಿಸುವಾಗ ಒಂದಕ್ಕೊಂದು ತಾಗಿ ಸೀಳುದನಿ ಹೊರಡುತ್ತದೆ. ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಕಿವಿಗೆ ಸಿಕ್ಕಿಬೀಳುತ್ತದೆ.

“ಇದು ಕೆಮ್ಮಾಕತ್ತೈತಿ, ಬ್ಯಾಡ,” ಎಂದು ಅಜ್ಜಿ ಆ ಗಡಿಗೆಯನ್ನು ಕೆಳಗಿಡುತ್ತಾಳೆ. ಹುಡುಗಿ ನಂಬದೆ ಅದನ್ನು ತಾನೂ ಬಡಿದು, ಪಕ್ಕದ್ದನ್ನೂ ಬಡಿದು, ಮತ್ತೆ ಮೊದಲಿನದಕ್ಕೆ ಬರುತ್ತಾಳೆ. ಈ ಹೋಲಿಸುವಿಕೆಯೇ ಪಾಠದ ಮುಖ್ಯ ಭಾಗ. ಒಂಟಿ ಗಡಿಗೆಯ ದನಿಯಿಂದ ಯಾರಿಗೂ ಏನೂ ತಿಳಿಯದು. ಒಂದೇ ಗಾತ್ರದ ಐದಾರನ್ನು ಸಾಲಾಗಿ ಬಡಿದಾಗ ಮಾತ್ರ ಕಿವಿಗೆ ಲೆಕ್ಕ ಸಿಗುತ್ತದೆ. ಗಾತ್ರ ಬೇರೆಯಾದರೆ ದನಿಯ ಎತ್ತರವೂ ಬೇರೆಯಾಗುವುದರಿಂದ ಹೂಜಿಯನ್ನು ಹರವಿಯೊಡನೆ ಹೋಲಿಸಿ ಪ್ರಯೋಜನವಿಲ್ಲ.

ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯ ಮಡಕೆ ಬಡಿಯುವ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಹಾಡಿದ್ದಾನೆ. ಭಕ್ತಿಯ ಕಥೆಯೆಂಬುದು ನಿಜವಾದರೂ, ಸರಿಯಾಗಿ ಬೆಂದ ಗಡಿಗೆಯ ದನಿಗೆ ಕಿವಿಗೊಟ್ಟ ಕಾಯಕದ ಮಂದಿಯ ಅನುಭವ ಅದರ ಹಿಂದೆ ಇದ್ದಿರಲೇಬೇಕು ಎನಿಸುತ್ತದೆ.

ದನಿಯ ಪರೀಕ್ಷೆಗೂ ಮಿತಿಗಳುಂಟು. ಮಂಜಿಗೋ ಮಳೆಗೋ ತೇವಗೊಂಡ ಗಡಿಗೆ ಒಳ್ಳೆಯದಾಗಿದ್ದರೂ ಮಂಕಾಗಿ ನುಡಿಯುವುದರಿಂದ, ಅಜ್ಜಿಯರು ಗಡಿಗೆ ಕೊಳ್ಳಲು ಬಿಸಿಲೇರಿದ ಮೇಲೆ ಹೊರಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕಬ್ಬಿಣದ ಪಾತ್ರೆಯಂತೆ ತೀರ ಏರುದನಿಯಲ್ಲಿ ನುಡಿಯುವ ಗಡಿಗೆ ಹೆಚ್ಚು ಬೆಂದದ್ದಾಗಿರಬಹುದು. ಅದು ಗಟ್ಟಿ, ಬಹುಕಾಲ ಬಾಳುತ್ತದೆ, ಆದರೆ ತಂಪು ಮಾಡುವುದರಲ್ಲಿ ಹಿಂದೆ. ಅಂಥ ಕಡೆ ಹನಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ದನಿ ಚೆನ್ನಾಗಿರಬೇಕು, ಹನಿಯೂ ಇಂಗಬೇಕು. ಎರಡೂ ಕೂಡಿದ ಗಡಿಗೆಯೇ ಹದವಾಗಿ ಬೆಂದದ್ದು.

ಬಿಳಿ ಚುಕ್ಕೆಯ ಕಳ್ಳ

ಹುಡುಗಿ ಮೂರನೆಯದಾಗಿ ಆರಿಸಿದ ಗಡಿಗೆ ಕಣಕಣ ನುಡಿಯುತ್ತದೆ, ಹನಿಯನ್ನೂ ಹೀರುತ್ತದೆ. ಗೆದ್ದೆನೆಂದು ಅವಳು ಮುಖ ನೋಡುವಷ್ಟರಲ್ಲಿ ಅಜ್ಜಿ ಅದರ ಹೊಟ್ಟೆಯ ಮೇಲೆ ಜೋಳದ ಕಾಳಿಗಿಂತ ಚಿಕ್ಕದಾದ ಒಂದು ಗುಳಿಯನ್ನು ಉಗುರಿನಿಂದ ಮುಟ್ಟಿ ತೋರಿಸುತ್ತಾಳೆ. ಗುಳಿಯ ತಳದಲ್ಲಿ ಸುಣ್ಣದ ಬಿಳಿ ಚುಕ್ಕೆ.

ಬಯಲುಸೀಮೆಯ ಮಣ್ಣಿನಲ್ಲಿ, ಅದರಲ್ಲೂ ಎರೆಭೂಮಿಯ ಆಸುಪಾಸಿನಲ್ಲಿ, ಸುಣ್ಣದ ಹರಳುಗಳು ಹೇರಳ. ಜೇಡಿಯನ್ನು ಎಷ್ಟು ಆರಿಸಿದರೂ ಒಂದೆರಡು ಸಣ್ಣ ಹರಳುಗಳು ಉಳಿದುಬಿಡುವುದುಂಟು. ಆವಿಗೆಯ ಉರಿ 800 ಡಿಗ್ರಿ ದಾಟುವ ಸುಮಾರಿಗೆ ಆ ಹರಳು ಸುಟ್ಟು ಸುಡುಸುಣ್ಣವಾಗುತ್ತದೆ. ಸುಡುಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿದು ಅರಳುವುದನ್ನು ಮನೆಗೆ ಸುಣ್ಣ ಬಳಿದವರೆಲ್ಲ ಬಲ್ಲರು. ಗಡಿಗೆಯ ಗೋಡೆಯೊಳಗೆ ಸಿಕ್ಕಿಕೊಂಡ ಹರಳೂ ಹಾಗೆಯೇ ಗಾಳಿಯ ತೇವವನ್ನೋ ತುಂಬಿದ ನೀರನ್ನೋ ಹೀರಿ ಅರಳಿದಾಗ, ತನ್ನ ಮೇಲಿನ ಮಣ್ಣಿನ ಚಕ್ಕೆಯನ್ನು ಹೊರಕ್ಕೆ ಎತ್ತಿ ಹಾರಿಸುತ್ತದೆ. ಇದು ಸುಟ್ಟ ದಿನವೇ ಆಗುವುದಲ್ಲ. ದಿನಗಳೋ ವಾರಗಳೋ ಕಳೆದ ಮೇಲೆ, ಎಷ್ಟೋ ಸಲ ಗಡಿಗೆ ಮನೆ ಸೇರಿದ ಮೇಲೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಕುಂಬಾರನನ್ನು ದೂರಿಯೂ ಪ್ರಯೋಜನವಿಲ್ಲ, ಮಾರುವಾಗ ಅವನ ಕಣ್ಣಿಗೂ ಅದು ಬಿದ್ದಿರುವುದಿಲ್ಲ.

ಒಂದು ಚುಕ್ಕೆ ಕಂಡರೆ ಗೋಡೆಯೊಳಗೆ ಇನ್ನೂ ಕೆಲವು ಅಡಗಿವೆಯೆಂದೇ ತಿಳಿಯಬೇಕು. ಹೊರಮೈಯ ಗುಳಿಯಿಂದ ಅಂದ ಮಾತ್ರ ಕೆಟ್ಟೀತು. ಗೋಡೆಯ ಆಳದಲ್ಲಿ ಅರಳುವ ಹರಳು ತೂತನ್ನೇ ಮಾಡಬಲ್ಲದು. ಒಂದು ತಿಂಗಳು ಅಂಗಡಿಯಲ್ಲಿ ನಿಂತು ಧೂಳು ಹಿಡಿದ ಗಡಿಗೆಯನ್ನು ಹಳೆಯ ಮಾಲೆಂದು ತಳ್ಳುವವರಿದ್ದಾರೆ. ಆದರೆ ಚಕ್ಕೆ ಏಳುವ ಕಾಲವನ್ನು ಕಳೆದೂ ಮೈ ನುಣುಪಾಗಿ ಉಳಿದ ಅಂಥ ಗಡಿಗೆ, ನಿನ್ನೆ ಆವಿಗೆಯಿಂದ ತೆಗೆದದ್ದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಮಸಿ ಹಿಡಿದದ್ದು, ಗೆದ್ದದ್ದು

ಕೊನೆಗೆ ಅಜ್ಜಿ ಕೈಗೆತ್ತಿಕೊಳ್ಳುವುದು ಒಂದು ಮಗ್ಗುಲಿಗೆ ಅಂಗೈಯಗಲ ಕಪ್ಪು ಮಸುಕು ಹಿಡಿದ ಗಡಿಗೆಯನ್ನು. ಸುಟ್ಟು ಕರಕಲಾಗಿದೆಯೆಂದು ಹುಡುಗಿ ಮೂಗು ಮುರಿಯುತ್ತಾಳೆ. ಈ ಕಪ್ಪು ದೋಷವಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸುಡುವಾಗ ಸಾಕಷ್ಟು ಗಾಳಿ ಸಿಕ್ಕರೆ ಕೆಂಪಾಗುತ್ತದೆ. ಸೌದೆ ಒತ್ತಿಕೊಂಡಿದ್ದ ಕಡೆ ಗಾಳಿ ಸಾಲದೆ ಹೊಗೆ ಕವಿದು ಕಪ್ಪುಳಿಯುತ್ತದೆ. ಕೆಲವು ಕುಂಬಾರರು ಸುಡುವಿಕೆಯ ಕೊನೆಯಲ್ಲಿ ಆವಿಗೆಯ ಬಾಯಿಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ, ಹೊಗೆಯನ್ನು ಒಳಗೇ ಕೂಡಿಹಾಕಿ, ಬೇಕೆಂದೇ ಇಡೀ ಗಡಿಗೆಯನ್ನು ಕಪ್ಪಾಗಿಸುತ್ತಾರೆ. ಕಪ್ಪು ಗಡಿಗೆಯ ನೀರು ಹೆಚ್ಚು ತಂಪೋ ಕೆಂಪು ಗಡಿಗೆಯದೋ ಎಂಬ ವಾದ ಮನೆಮನೆಯಲ್ಲಿದೆ. ತಂಪನ್ನು ನಿರ್ಧರಿಸುವುದು ರಂಧ್ರಗಳೇ ಹೊರತು ಬಣ್ಣವಲ್ಲವಾದ್ದರಿಂದ ಆ ವಾದದಲ್ಲಿ ಹುರುಳಿಲ್ಲ.

ಅಜ್ಜಿ ಗಡಿಗೆಯನ್ನು ಬೋರಲು ಎತ್ತಿ, ಅದರ ಬಾಯಿಯನ್ನು ಮೊಮ್ಮಗಳ ಮುಖದ ಮೇಲೆ ಹಿಡಿದು, ತಳವನ್ನು ಸೂರ್ಯನ ಕಡೆ ಮಾಡುತ್ತಾಳೆ. “ಚಿಕ್ಕಿ ಕಾಣಸ್ತಾವೇನು?” ಎಂಬ ಪ್ರಶ್ನೆಗೆ ಒಳಗಿನಿಂದ “ಇಲ್ಲ, ಬರೇ ಕತ್ತಲಿ” ಎಂಬ ಉತ್ತರ ಗುಂಯ್ಗುಡುತ್ತದೆ. ನೀರು ಜಿನುಗುವ ರಂಧ್ರಗಳು ಬೆಳಕು ದಾಟುವಷ್ಟು ದೊಡ್ಡವಲ್ಲ, ನೇರವೂ ಅಲ್ಲ. ಬೆಳಕಿನ ಚುಕ್ಕೆ ಕಂಡರೆ ಅದು ಸೂಜಿತೂತು, ಅಲ್ಲಿಂದ ನೀರು ಹನಿಯುವುದು ಖಂಡಿತ. ಆಮೇಲೆ ಅವಳು ಕೈಯನ್ನು ಒಳಗಿಳಿಸಿ ಗೋಡೆಯ ಮೇಲೆಲ್ಲ ಆಡಿಸುತ್ತಾಳೆ. ತಟ್ಟಿ ಮಾಡಿದ ಗಡಿಗೆಯ ಒಳಮೈಯಲ್ಲಿ ಕಲ್ಲಿನ ಗುಂಡು ಆನಿಸಿದ ಮೆಲುಗುಳಿಗಳು ಒಂದಕ್ಕೊಂದು ಒತ್ತಾಗಿ ಬೆರಳಿಗೆ ಸಿಗುತ್ತವೆ. ಅವು ಎಡೆಬಿಡದೆ ಇದ್ದರೆ ಕುಂಬಾರ ಸುತ್ತಲೂ ಸಮನಾಗಿ ತಟ್ಟಿದ್ದಾನೆಂದು ಅರ್ಥ. ಅಚ್ಚಿನಲ್ಲಿ ಎರಡು ಹೋಳಾಗಿ ಮಾಡಿ ಕೂಡಿಸಿದವುಗಳಲ್ಲಿ ಈ ಗುಳಿಗಳಿರದೆ ಹೊಟ್ಟೆಯ ಸುತ್ತ ಒಂದು ಬೆಸುಗೆಯ ಗೆರೆಯಿರುತ್ತದೆ. ಮುಂದೆ ಬಿರುಕು ಬಿಟ್ಟರೆ ಅಲ್ಲಿಯೇ ಬಿಡುವ ಸಂಭವ ಹೆಚ್ಚು. ಗಾತ್ರಕ್ಕೆ ಮೀರಿ ಭಾರವಿದ್ದರೆ ಗೋಡೆ ದಪ್ಪವೆಂದೂ, ನೀರು ಹೊರಮೈಗೆ ಬರಲು ತಡವಾಗುತ್ತದೆಂದೂ ತಿಳಿಯಬೇಕು.

ಬೆಲೆಯ ಚೌಕಾಶಿ ಮುಗಿದ ಮೇಲೆ ಕುಂಬಾರ ಹೇಳುವ ಮಾತೂ ಈ ವ್ಯಾಪಾರದ ಭಾಗವೇ: “ಸೋರಿದ್ರ ಮುಂದಿನ ಸಂತಿಗಿ ತಂದುಕೊಡ್ರಿ ಯವ್ವಾ, ಬದಲಿ ಕೊಡ್ತೀನಿ.” ಸಂತೆಯಲ್ಲಿ ನೀರು ತುಂಬಿ ಗಂಟೆಗಟ್ಟಲೆ ಕಾಯಲಾಗದ್ದರಿಂದ ಕೊನೆಯ ಪರೀಕ್ಷೆ ಮನೆಯಲ್ಲೇ ಆಗಬೇಕು.

ಮನೆಯ ಮೊದಲ ರಾತ್ರಿ

ಹೊಸ ಗಡಿಗೆಯನ್ನು ತೆಂಗಿನ ನಾರಿನಿಂದ ಬರಿನೀರಿನಲ್ಲಿ ತಿಕ್ಕಿ ತೊಳೆಯಬೇಕು. ಸೋಪು ಸೋಕಿಸಬಾರದು, ರಂಧ್ರಗಳು ಅದನ್ನೂ ಹೀರಿಕೊಂಡು ದಿನಗಟ್ಟಲೆ ನೀರಿಗೆ ಬಿಡುತ್ತಿರುತ್ತವೆ. ತೊಳೆದ ಗಡಿಗೆಗೆ ಕಂಠದವರೆಗೆ ನೀರು ತುಂಬಿ, ಒಣನೆಲದ ಮೇಲೆ ಸಿಂಬೆಯಿಟ್ಟು ಕೂರಿಸಿ, ರಾತ್ರಿಯಿಡೀ ಬಿಡುತ್ತಾರೆ. ಮೊದಲ ಗಂಟೆಗಳಲ್ಲಿ ಗೋಡೆಯೇ ನೀರು ಕುಡಿಯುವುದರಿಂದ ಮಟ್ಟ ತುಸು ಇಳಿದರೆ ಗಾಬರಿಯಾಗಬೇಕಿಲ್ಲ. ಬೆಳಗಾದಾಗ ಮೈಯೆಲ್ಲ ಒಂದೇ ಸಮನೆ ಪಸೆಯಾಗಿ, ಮುಟ್ಟಿದರೆ ತಣ್ಣಗೆ ಇದ್ದು, ನೆಲದ ಮೇಲೆ ಸಿಂಬೆಯಷ್ಟಗಲ ತೇವ ಮಾತ್ರ ಇದ್ದರೆ ಗಡಿಗೆ ಗೆದ್ದಂತೆ. ಒಂದೇ ಜಾಗದಿಂದ ಹನಿ ಕೂಡಿ ಗೆರೆಯಾಗಿ ಇಳಿದಿದ್ದರೆ ಅಲ್ಲಿ ಸೂಜಿತೂತೋ ಕೂದಲು ಬಿರುಕೋ ಇದೆ. ಒಂದು ಮಗ್ಗುಲು ಪೂರ್ತಿ ಒಣಗಿಯೇ ಉಳಿದಿದ್ದರೆ ಆ ಮಗ್ಗುಲು ಹೆಚ್ಚು ಬೆಂದಿದೆ; ಅದನ್ನು ಹಿಂದಿರುಗಿಸುವ ಅಗತ್ಯವಿಲ್ಲ, ತಂಪು ತುಸು ಕಡಿಮೆಯಾದೀತು ಅಷ್ಟೇ. ಮೊದಲೆರಡು ದಿನದ ನೀರಿಗೆ ಹಸಿಮಣ್ಣಿನ ವಾಸನೆ ಇರುವುದರಿಂದ ಅದನ್ನು ಗಿಡಕ್ಕೆ ಸುರಿದು, ಮೂರನೆಯ ದಿನದಿಂದ ಕುಡಿಯಲು ತೊಡಗುವುದು ವಾಡಿಕೆ.

ಗಡಿಗೆಯನ್ನು ಎಲ್ಲಿ ಇಡುತ್ತಾರೆಂಬುದು ಅದರ ಗುಣದಷ್ಟೇ ಮುಖ್ಯ. ಆವಿಯನ್ನು ಒಯ್ಯುವುದು ಗಾಳಿಯಾದ್ದರಿಂದ ಅಡುಗೆಮನೆಯ ಮೂಲೆಯಲ್ಲಿ ಡಬ್ಬಿಗಳ ನಡುವೆ ತುರುಕಿದ ಗಡಿಗೆ ಬೆವರಿಯೂ ತಂಪಾಗುವುದಿಲ್ಲ. ನೆರಳು ಮತ್ತು ಗಾಳಿ ಎರಡೂ ಸಿಗುವ ಪಡಸಾಲೆಯೋ ಕಿಟಕಿಯ ಬದಿಯೋ ಅದಕ್ಕೆ ತಕ್ಕ ಜಾಗ. ಒದ್ದೆ ಮರಳಿನ ಮೇಲೆ ಇಡುವುದರಿಂದ ತಳದ ಕಡೆಯೂ ಆವಿಯಾಗುವ ಮೈ ಹೆಚ್ಚುತ್ತದೆ, ದುಂಡು ತಳವೂ ಅಲುಗದೆ ನಿಲ್ಲುತ್ತದೆ.

ಮಂಗಳೂರಿಗೆ ಬೇರೆ ಲೆಕ್ಕ

ಇಷ್ಟೆಲ್ಲ ಆರಿಸಿ ತಂದ ಗಡಿಗೆಯೂ ಒಂದು ಗಡಿಯನ್ನು ಮೀರಿ ನೀರನ್ನು ತಂಪು ಮಾಡಲಾರದು. ಗಾಳಿಯಲ್ಲಿ ಈಗಾಗಲೇ ತೇವ ತುಂಬಿದ್ದರೆ ಆವಿಯಾಗುವುದು ನಿಧಾನವಾಗುತ್ತದೆ. ಉಷ್ಣತಾಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ಎಷ್ಟಕ್ಕೆ ಇಳಿದು ನಿಲ್ಲುತ್ತದೋ ಅದೇ ಆ ದಿನದ ಗಡಿ. ಗಡಿಗೆಯ ನೀರು ಅದಕ್ಕಿಂತ ಒಂದೆರಡು ಡಿಗ್ರಿಯಾದರೂ ಮೇಲೆಯೇ ಉಳಿಯುತ್ತದೆ. ರಾಯಚೂರಿನಂಥ ಊರಿನಲ್ಲಿ 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇಕಡ 20 ಮಾತ್ರವಿದ್ದರೆ ಈ ಗಡಿ ಸುಮಾರು 23 ಡಿಗ್ರಿಗೆ ಬರುತ್ತದೆ. ಮಂಗಳೂರಿನಲ್ಲಿ ಬಿಸಿಲು 33 ಡಿಗ್ರಿಯೇ ಇದ್ದರೂ ತೇವಾಂಶ ಶೇಕಡ 70 ಇದ್ದರೆ ಅದು 28 ಡಿಗ್ರಿಯ ಕೆಳಗೆ ಇಳಿಯುವುದಿಲ್ಲ. ಕರಾವಳಿಗೆ ಮದುವೆಯಾಗಿ ಹೋದ ಬಯಲುಸೀಮೆಯ ಹೆಣ್ಣುಮಕ್ಕಳು ಅಲ್ಲಿನ ಮಡಕೆ ಸರಿಯಿಲ್ಲವೆಂದು ದೂರುವುದುಂಟು. ದೂರಬೇಕಾದದ್ದು ಅಲ್ಲಿನ ಗಾಳಿಯನ್ನು.

ಇನ್ನೊಂದು ಮಾತು ಗಡಿಗೆಯ ಅಭಿಮಾನಿಗಳಿಗೆ ರುಚಿಸದಿರಬಹುದು. ಮಣ್ಣಿನ ಮಡಕೆ ನೀರನ್ನು ಶುದ್ಧಗೊಳಿಸುತ್ತದೆಂಬ ಮಾತು ಬಹಳ ಹಬ್ಬಿದೆ. ಸುಟ್ಟಮಣ್ಣಿನ ಗೋಡೆ ಸೋಸಬಲ್ಲದೆಂಬುದು ನಿಜ, ಆದರೆ ಸೋಸಿದ್ದೆನ್ನಿಸುವುದು ಗೋಡೆಯನ್ನು ದಾಟಿ ಹೊರಬಂದ ನೀರು. ಅದು ಗಾಳಿಯ ಪಾಲಾಗುತ್ತದೆ. ಮನೆಯವರು ಕುಡಿಯುವುದು ಗೋಡೆಯನ್ನು ದಾಟದೆ ಒಳಗೇ ಉಳಿದ ನೀರನ್ನು. ಆದ್ದರಿಂದ ಕುದಿಸಬೇಕಾದ ನೀರನ್ನು ಕುದಿಸಿ ಆರಿಸಿಯೇ ಗಡಿಗೆಗೆ ತುಂಬಬೇಕು, ಲೋಟವನ್ನು ಕೈಸಮೇತ ಅದ್ದುವ ಬದಲು ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಕೊಳವೆಬಾವಿಯ ನೀರಿನ ಫ್ಲೋರೈಡ್ ಕೂಡ ಈ ಗಡಿಗೆಯಿಂದ ಹೋಗುತ್ತದೆಂದು ನೆಚ್ಚುವಂತಿಲ್ಲ.

ಕೊಳವೆಬಾವಿಯ ಗಡಸು ನೀರು ಗಡಿಗೆಯ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ. ನೀರು ಆವಿಯಾಗಿ ಹೋದರೂ ಅದರಲ್ಲಿ ಕರಗಿದ್ದ ಲವಣಗಳು ಹೊರಮೈಯಲ್ಲೇ ಉಳಿದು ಬಿಳಿಯ ಪೊರೆ ಕಟ್ಟುತ್ತವೆ. ಸುಣ್ಣದ ಹರಳಿನ ಬಿಳಿ ಚುಕ್ಕೆಗೂ ಇದಕ್ಕೂ ಸಂಬಂಧವಿಲ್ಲ, ಇದು ಕೈಯಿಂದ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. ವಾರಕ್ಕೊಮ್ಮೆ ನಾರಿನಿಂದ ತಿಕ್ಕಿ, ಆಗಾಗ ಬಿಸಿಲಿಗೆ ಒಣಗಿಸಿದರೆ ರಂಧ್ರಗಳು ತಕ್ಕಮಟ್ಟಿಗೆ ತೆರೆದಿರುತ್ತವೆ. ಆದರೂ ಗಡಸು ನೀರಿನ ಊರುಗಳಲ್ಲಿ ಒಂದೆರಡು ಬೇಸಗೆ ಕಳೆಯುವಷ್ಟರಲ್ಲಿ ಗೋಡೆಯೊಳಗೇ ಲವಣ ಕೂತು, ಹೊರಮೈ ಒಣಗಿದಂತೆ ಕಾಣತೊಡಗುತ್ತದೆ. ಕಥೆಯ ಹುಡುಗಿ ಮನೆಯ ಹಳೆಯ ಗಡಿಗೆಯ ಮೇಲೆ ಹನಿ ನೀರಿಟ್ಟು ನೋಡಿ, ಅದು ಬೇಗ ಇಂಗದಿರುವುದನ್ನು ಅಜ್ಜಿಗೆ ತೋರಿಸುತ್ತಾಳೆ. ಬಡಿದರೆ ಅದು ಈಗಲೂ ಕಣಕಣಿಸುತ್ತದೆ, ಎಲ್ಲೂ ಒಡೆದಿಲ್ಲ. ನೀರು ಜಿನುಗದ ಆ ಗಡಿಗೆ ಗಿಡದ ಬುಡದಲ್ಲಿ ಹೂತು ತೇವ ಕೊಡಲಿಕ್ಕೂ ಬಾರದಾದ್ದರಿಂದ, ಅಜ್ಜಿ ಅದನ್ನು ಎರಡು ದಿನ ಬಿಸಿಲಿಗೆ ಒಣಗಿಸಿ ಹೆಸರುಕಾಳು ತುಂಬಿಡಲು ಒಳಗೆ ಒಯ್ಯುತ್ತಾಳೆ.